ಬಸುರಿಗೆ ಸಿಟಿ ಬೇಡವೆಂದರೆ ಲಂಗ್ ಸ್ಕ್ಯಾನ್ ಸಾಕಾ? ನ್ಯೂಕ್ಲಿಯರ್ ಮೆಡಿಸಿನ್ ಡಾಕ್ಟರ್ ಜೊತೆ ಪ್ರಶ್ನೋತ್ತರ

ಹಾಸನದ ಅಕ್ಕ: ಮೇಡಂ, ನನ್ನ ತಂಗಿಗೆ ಈಗ 30 ವಾರ. ನಿನ್ನೆಯಿಂದ ಏದುಸಿರು, ಜೋರಾಗಿ ಉಸಿರೆಳೆದರೆ ಬಲಗಡೆ ಪಕ್ಕೆ ಚುಚ್ಚುತ್ತೆ. ನಾಡಿ 118, ಆಕ್ಸಿಜನ್ 94. ಎದೆಯ ಎಕ್ಸ್‌ರೇ ಸರಿ ಇದೆ, ಕಾಲಿನ ಡಾಪ್ಲರ್ ಕೂಡ ಸರಿ ಇದೆ. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಿದ್ದಾರೆ. ಸಿಟಿ ಆಂಜಿಯೋ ಅಥವಾ ಲಂಗ್ ಸ್ಕ್ಯಾನ್, ಯಾವುದು ಬೇಕು ನೀವೇ ಹೇಳಿ ಅಂತಾರೆ. ಅವಳ ಅತ್ತೆ ಎರಡೂ ಬೇಡ ಅಂತಿದ್ದಾರೆ.

ಡಾಕ್ಟರ್: ಹೊಟ್ಟೆಗೆ ಕೊಡುವ ಆ ಇಂಜೆಕ್ಷನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಜಾತಿಯ ಔಷಧಿ. ಶುರುವಾಗಿದೆಯಲ್ಲ, ಅದನ್ನು ಸ್ಕ್ಯಾನ್ ಮುಗಿಯುವವರೆಗೆ ಯಾರ ಮಾತಿಗೂ ನಿಲ್ಲಿಸಬೇಡಿ. ಅದು ಮಗುವಿಗೆ ದಾಟುವುದಿಲ್ಲ.

ನೀವು ಬರೆದಿದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಎಕ್ಸ್‌ರೇ ಸರಿ ಇರುವುದು. ಅಂಥವರಲ್ಲಿ ಲಂಗ್ ಸ್ಕ್ಯಾನ್ ಸಾಮಾನ್ಯವಾಗಿ ಸ್ಪಷ್ಟ ಉತ್ತರ ಕೊಡುತ್ತದೆ. ಎಕ್ಸ್‌ರೇಯಲ್ಲಿ ನ್ಯುಮೋನಿಯಾ, ನೀರು ಏನಾದರೂ ಇದ್ದಿದ್ದರೆ ನಾನೇ ಸಿಟಿಗೆ ಕಳಿಸುತ್ತಿದ್ದೆ.

ನಡೆಯುವುದು ಹೀಗೆ. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಐಸೋಟೋಪ್ ಅಂಟಿಸಿದ ಆಲ್ಬುಮಿನ್ ಪ್ರೋಟೀನ್ ಕಣಗಳನ್ನು ಕೈಯ ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ. ಕಣಗಳು ಶ್ವಾಸಕೋಶದ ತೀರಾ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಹೋಗುವ ಕಡೆ ಕ್ಯಾಮೆರಾದಲ್ಲಿ ತುಂಬಿ ಕಾಣುತ್ತದೆ, ಹೆಪ್ಪು ಅಡ್ಡ ಬಂದ ಕಡೆ ಕಲ್ಲಂಗಡಿ ಹೋಳು ತೆಗೆದ ಹಾಗೆ ಖಾಲಿ. ಗರ್ಭಿಣಿಯರಿಗೆ ಸುಮಾರು ಅರ್ಧ ಡೋಸ್ ಕೊಟ್ಟು, ರಕ್ತದ ಭಾಗ ಮಾತ್ರ ಮೊದಲು ಮಾಡುತ್ತೇವೆ. ಎರಡೂ ಕಡೆ ಸಮವಾಗಿ ತುಂಬಿದ್ದರೆ ಅಲ್ಲಿಗೆ ಮುಗಿಯಿತು. ಖಾಲಿ ಕಂಡರಷ್ಟೇ ಐಸೋಟೋಪನ್ನು ಉಸಿರಿನಲ್ಲಿ ಎಳೆದುಕೊಳ್ಳುವ ಗಾಳಿಯ ಭಾಗ, ಅದೇ ದಿನ ಅಥವಾ ಮರುದಿನ. ಗಾಳಿ ಹೋಗುತ್ತಿದೆ, ರಕ್ತ ಹೋಗುತ್ತಿಲ್ಲ ಅಂದರೆ ಹೆಪ್ಪು. ಎರಡೂ ಇಲ್ಲ ಅಂದರೆ ಕಾಯಿಲೆ ಬೇರೆ ಇರಬಹುದು.

ಅತ್ತೆಯವರಿಗೆ ಇದನ್ನು ಹೇಳಿ: ಎರಡರಲ್ಲಿ ಯಾವುದೇ ಮಾಡಿದರೂ ಮಗುವಿಗೆ ತಲುಪುವ ರೇಡಿಯೇಷನ್ 1 ಮಿಲಿಗ್ರೇಗಿಂತ ಕಡಿಮೆ. ಚಿಂತೆ ಶುರುವಾಗುವುದು 50ರ ಮೇಲೆ. ನಿಜವಾದ ವ್ಯತ್ಯಾಸ ತಾಯಿಯ ಎದೆಗೆ, ಸಿಟಿಯಲ್ಲಿ ಅಲ್ಲಿಗೆ ಜಾಸ್ತಿ ಬೀಳುತ್ತದೆ. ಬಸುರಿಯಲ್ಲಿ ಸಿಟಿಗೆ ಇನ್ನೊಂದು ತೊಡಕಿದೆ. ರಕ್ತನಾಳ ಎದ್ದು ಕಾಣಲಿ ಅಂತ ಸಿಟಿಯಲ್ಲಿ ಡೈ ಕೊಡುತ್ತಾರೆ. ಜೋರಾಗಿ ಉಸಿರೆಳೆದು ಹಿಡಿದರೆ ಹೊಟ್ಟೆ ಕಡೆಯಿಂದ ಡೈ ಇಲ್ಲದ ರಕ್ತ ನುಗ್ಗಿ ಬಂದು ಡೈ ತೆಳುವಾಗುತ್ತದೆ. ಆಗ ಚಿತ್ರ ಕೆಟ್ಟು, "ಹೇಳಲಾಗದು" ಅಂತ ರಿಪೋರ್ಟ್ ಬರುತ್ತದೆ. ಸಿಟಿ ಮಾಡಿಸಿದರೆ ಸಣ್ಣ ಉಸಿರು ಸಾಕು ಅಂತ ಹೇಳಿಸಿ.

ಬಿಪಿ ಇಳಿದರೆ, ಅಥವಾ ಆ ಊರಲ್ಲಿ ಐಸೋಟೋಪ್ ಬರುವುದು ಸೋಮವಾರ ಅಂದರೆ ಕಾಯಬೇಡಿ. ಸಿಟಿ ಮಾಡಿಸಿ. ಸ್ಕ್ಯಾನ್ ಆದ ಮೇಲೆ ನೀರು ಜಾಸ್ತಿ ಕುಡಿದು ಪದೇ ಪದೇ ಮೂತ್ರಕ್ಕೆ ಹೋಗಲಿ. ಐಸೋಟೋಪ್ ಮೂತ್ರಚೀಲದಲ್ಲಿ ನಿಲ್ಲುತ್ತದೆ, ಮಗು ಅದರ ಪಕ್ಕದಲ್ಲೇ ಇರುತ್ತದೆ.

ಜಯಣ್ಣ: ಅದೇ ಬಲೂನು ಊದಿಸುವ ಟೆಸ್ಟ್ ತಾನೇ? ನನಗೆ ಕೆಮ್ಮಿಗೆ ಮಾಡಿದ್ರು. 600 ರೂಪಾಯಿ ಆಯ್ತು.

ಡಾಕ್ಟರ್: ಅಲ್ಲ. ಅದು ಪಿಎಫ್‌ಟಿ, ಉಸಿರಿನ ಶಕ್ತಿ ಅಳೆಯುವ ಟೆಸ್ಟ್.

ಸವಿತಾ: ಮೇಡಂ ಮಗುವಿಗೆ ರೇಡಿಯೇಷನ್ ತೊಂದರೆ ಇಲ್ವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಬಸವರಾಜ್: ನಮ್ಮ ಅಪ್ಪನಿಗೆ 66. ಕ್ರಿಯಾಟಿನಿನ್ 3.4. ಬೀಡಿ ಸೇದುತ್ತಿದ್ದರು, 30 ವರ್ಷ. ಶ್ವಾಸಕೋಶದಲ್ಲಿ ಹೆಪ್ಪು ಇರಬಹುದು ಅಂತ ಅವರಿಗೂ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಕಿಡ್ನಿ ಉಳಿಸೋಕೆ ಅಂತ ಸಿಟಿ ಬಿಟ್ಟು ಲಂಗ್ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟ್‌ನಲ್ಲಿ "ಖಚಿತವಾಗಿ ಹೇಳಲಾಗದು" ಅಂತ ಇದೆ. ದುಡ್ಡು ದಂಡ ಆಯ್ತಾ?

ಡಾಕ್ಟರ್: ದಂಡ ಅಲ್ಲ, ಆದರೆ ಆ ಪುಪ್ಪುಸಕ್ಕೆ ಇದು ಕಷ್ಟದ ಪರೀಕ್ಷೆ. ಬೀಡಿಯಿಂದ ಹಾಳಾದ ಜಾಗಕ್ಕೆ ಗಾಳಿಯೂ ಹೋಗಲ್ಲ, ರಕ್ತವೂ ಹೋಗಲ್ಲ. ಅದರ ನಡುವೆ ಹೆಪ್ಪು ಅಡಗಿದ್ದರೆ ಗೊತ್ತಾಗದು. ಕ್ಯಾಮೆರಾ ಸುತ್ತ ತಿರುಗಿ ಚಿತ್ರ ತೆಗೆಯುವ ಸ್ಪೆಕ್ಟ್ ಇದ್ದ ಕಡೆ, ಡೈ ಇಲ್ಲದ ಸಣ್ಣ ಸಿಟಿ ಜೊತೆ ಮಾಡಿದ್ದರೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ ಇತ್ತು. ಯಾವ ರೀತಿ ಮಾಡಿದ್ದಾರೆ ಕೇಳಿ. ಅನುಮಾನ ಬಲವಾಗಿದ್ದು ಉತ್ತರ ಸಿಗದಿದ್ದರೆ, ಸಲೈನ್ ಕೊಟ್ಟು ಡೈ ಸಿಟಿಯನ್ನೇ ಮಾಡಬೇಕಾಗಬಹುದು. ಇನ್ನೊಂದು ಮಾತು. ಕಿಡ್ನಿ ಇಷ್ಟು ಕೆಟ್ಟಿರುವಾಗ ಆ ಹೊಟ್ಟೆ ಇಂಜೆಕ್ಷನ್ ದೇಹದಲ್ಲೇ ಉಳಿದು ರಕ್ತಸ್ರಾವ ಆಗಬಹುದು. ಡೋಸ್ ಕಡಿಮೆ ಮಾಡಿದ್ದಾರಾ, ಅಥವಾ ಮಾಮೂಲಿ ಹೆಪಾರಿನ್ ಕೊಡುತ್ತಿದ್ದಾರಾ? ಇವತ್ತೇ ಕೇಳಿ.

ರಾಘು: ಡೈ ಕೊಟ್ರೆ ಕಿಡ್ನಿ ಮುಗೀತು. ಯಾವ ಕಾರಣಕ್ಕೂ ಮಾಡಿಸಬೇಡಿ.

ಮಂಗಳೂರು ಸುಧಾ: ಸುಮ್ನೆ ಹೆದರಿಸಬೇಡಿ. ನಮ್ಮ ಅಣ್ಣ ಡಯಾಲಿಸಿಸ್‌ನಲ್ಲಿದ್ದಾನೆ, ಡೈ ಸಿಟಿ ಆಯ್ತು, ಏನೂ ಆಗಲಿಲ್ಲ.

ರಾಘು: ನಿಮ್ಮ ಅಣ್ಣನಿಗೆ ಆಗಿಲ್ಲ ಅಂದ್ರೆ ಎಲ್ಲರಿಗೂ ಆಗಲ್ವಾ?

ಮಂಗಳೂರು ಸುಧಾ: ನೀವು ಡಾಕ್ಟ್ರಾ?

ರಾಘು: ನೀವು ಡಾಕ್ಟ್ರಾ?

ಡಾಕ್ಟರ್: ಇಬ್ಬರದೂ ಅರ್ಧ ಸರಿ. ಅಣ್ಣನಿಗೆ ಮೂತ್ರವೇ ಬಾರದಿದ್ದರೆ ಕಳೆದುಕೊಳ್ಳಲು ಉಳಿದಿದ್ದು ಏನೂ ಇಲ್ಲ. ಬಸವರಾಜ್ ಅವರ ತಂದೆಗೆ ಇನ್ನೂ ಉಳಿದಿದೆ, ಅಪಾಯ ನಿಜ. ಆದರೆ ಹಿಂದೆ ಅಂದುಕೊಂಡಷ್ಟು ದೊಡ್ಡದಲ್ಲ ಅಂತ ಈಗ ಹಲವರ ಅಭಿಪ್ರಾಯ. ನಮ್ಮ ಕಿಡ್ನಿ ಡಾಕ್ಟರ್‌ಗೂ ರೇಡಿಯಾಲಜಿ ಡಾಕ್ಟರ್‌ಗೂ ಈ ವಿಷಯದಲ್ಲಿ ವಾರಕ್ಕೊಮ್ಮೆ ಜಗಳ.

ನಾಗರತ್ನಮ್ಮ: *ಫಾರ್ವರ್ಡ್:* ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ, ಆಪಲ್ ವಿನೆಗರ್ ಕುದಿಸಿ ಜೇನು ಬೆರೆಸಿ ದಿನಾ ಬೆಳಿಗ್ಗೆ ಕುಡಿದರೆ ಎಂಥ ಬ್ಲಾಕ್ ಇದ್ದರೂ ಕರಗುತ್ತೆ. ಆಪರೇಷನ್ ಬೇಡ 🙏

ಡಾಕ್ಟರ್: ಇದು ಇದೇ ಗುಂಪಿಗೆ ಎಷ್ಟನೇ ಸಲ ಬಂತು? ಶ್ವಾಸಕೋಶದ ಹೆಪ್ಪು ಕಷಾಯಕ್ಕೆ ಕರಗಲ್ಲ. ಹೆಪಾರಿನ್ ಇಂಜೆಕ್ಷನ್ ಮೇಲೆ ಬೆಳ್ಳುಳ್ಳಿ ರಸ ದಿನಾ ಕುಡಿದರೆ ರಕ್ತಸ್ರಾವ ಹೆಚ್ಚಾಗಬಹುದು. ಬಸುರಿಗೆ ಕೊಡಬೇಡಿ. ಯಾರಿಗೂ ಕೊಡಬೇಡಿ.

ನಾಗರತ್ನಮ್ಮ: ನಮ್ಮ ಅಜ್ಜಿ ಕಾಲದಿಂದ ಇದೆ ಇದು. ಗೌರವ ಕೊಟ್ಟು ಮಾತಾಡಿ.

ಜಯಣ್ಣ: ಹಾಗಾದ್ರೆ ಲಂಗ್ ಸ್ಕ್ಯಾನ್ ಎಷ್ಟಾಗುತ್ತೆ?

ಪೂರ್ಣಿಮಾ: ನನ್ನ ಮಗುವಿಗೆ 2 ತಿಂಗಳು. ಈ ಸ್ಕ್ಯಾನ್ ಆದ ಮೇಲೆ ಎದೆಹಾಲು?

ಡಾಕ್ಟರ್: 12 ಗಂಟೆ ಹಿಂಡಿ ಚೆಲ್ಲಿ, ಆಮೇಲೆ ಕೊಡಿ. ಮೊದಲೇ ಹಿಂಡಿ ಫ್ರಿಜ್‌ನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಹಾಸನದ ಅಕ್ಕ: ಮೇಡಂ, ಲಂಗ್ ಸ್ಕ್ಯಾನ್ ಆಯ್ತು. ಬಲಗಡೆ ಕೆಳಭಾಗದಲ್ಲಿ ಎರಡು ಕಡೆ ರಕ್ತ ಇಲ್ಲ. ಇವತ್ತು ಗಾಳಿಯ ಭಾಗ ಮಾಡಿದ್ರು, ಅಲ್ಲಿ ಗಾಳಿ ಚೆನ್ನಾಗಿದೆಯಂತೆ. ಆದರೆ ಚಿತ್ರದಲ್ಲಿ ಎಡಗಡೆ ಎರಡು ಕಡೆ ಜೋರು ಕಪ್ಪು ಚುಕ್ಕಿ ಇದೆ. ಅದು ಗೆಡ್ಡೆನಾ? ಭಯ ಆಗ್ತಿದೆ.

ಡಾಕ್ಟರ್: ಭಯ ಬೇಡ. ಸ್ಕ್ಯಾನ್‌ಗೆ ಆ ಕಣಗಳನ್ನು ಕೊಡುವಾಗ ಸಿರಿಂಜಿಗೆ ರಕ್ತ ಹಿಂದಕ್ಕೆಳೆದು, ಅದು ಅಲ್ಲೇ ಗಟ್ಟಿಯಾದರೆ ಕಣಗಳು ಗುಂಪಾಗಿ ಹೋಗಿ ಹೀಗೆ ಚುಕ್ಕಿ ಬೀಳುತ್ತವೆ. ಬಹುಶಃ ಅದೇ. ಚಿತ್ರ ಕಳಿಸಿ, ನೋಡುತ್ತೇನೆ.

ಬಲಗಡೆಯದು ಮಾತ್ರ ಹೆಪ್ಪೇ. ಗಾಳಿ ಇದೆ, ರಕ್ತ ಇಲ್ಲ, ಎರಡು ಕಡೆ. ಹೊಟ್ಟೆ ಇಂಜೆಕ್ಷನ್ ಹೆರಿಗೆವರೆಗೆ, ಆಮೇಲೂ ಕನಿಷ್ಠ 6 ವಾರ, ಒಟ್ಟು 3 ತಿಂಗಳಿಗೆ ಕಡಿಮೆ ಇಲ್ಲದಂತೆ. ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಈಗ ಬೇಡ, ಅದು ಮಗುವಿಗೆ ದಾಟುತ್ತದೆ. ಹೆರಿಗೆ ಆದ ಮೇಲೆ ಹಾಲು ಕುಡಿಸುತ್ತಲೇ ತಗೊಳ್ಳಬಹುದು. ಹೆರಿಗೆ ವೇಳೆ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಡಬೇಕಾದರೆ, ಹೊಟ್ಟೆ ಇಂಜೆಕ್ಷನ್‌ನ ಪೂರ್ಣ ಡೋಸ್ ಆಗಿ 24 ಗಂಟೆ ಕಳೆದಿರಬೇಕು. ಇದನ್ನು ಈಗಲೇ ಅರಿವಳಿಕೆ ಡಾಕ್ಟರ್‌ಗೆ ತಿಳಿಸಿಟ್ಟಿರಿ, ನೋವು ಶುರುವಾದ ಮೇಲೆ ಹೇಳಿದರೆ ತಡವಾಗುತ್ತದೆ.

ಸವಿತಾ: ಮಗುವಿಗೆ ರೇಡಿಯೇಷನ್...

ಡಾಕ್ಟರ್: ಸವಿತಾ ಅವರೇ, ದಯವಿಟ್ಟು ಮೇಲೆ ಓದಿ.

ರಾಘು: ಡೈ ಬಗ್ಗೆ ನಾನು ಹೇಳಿದ್ದೇ ಸರಿ ಅಂತ ಮೇಡಂ ಒಪ್ಪಿದ್ರಲ್ಲ.

ಮಂಗಳೂರು ಸುಧಾ: ಅರ್ಧ ಸರಿ ಅಂದ್ರು. ಓದೋಕೆ ಬರಲ್ವಾ?

ಜಯಣ್ಣ: ಎಷ್ಟಾಗುತ್ತೆ ಅಂತ ಯಾರೂ ಹೇಳಲಿಲ್ಲ.

ಬಸವರಾಜ್: ಮೇಡಂ, ಕೇಳಿದೆ. ಇಂಜೆಕ್ಷನ್ ದಿನಕ್ಕೆ ಎರಡು ಸಲ ಫುಲ್ ಡೋಸೇ ಹೋಗ್ತಿದೆ.

ಡಾಕ್ಟರ್: ವಾರ್ಡ್‌ಗೆ ಹೋಗಿ ಡ್ಯೂಟಿ ಡಾಕ್ಟರ್‌ಗೆ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ. ಮುಂದಿನ ಡೋಸ್ ಕೊಡುವ ಮುಂಚೆ. ಈಗಲೇ.