ಪದಚರ್ಚೆ: ಕಾಲಾವಕಾಶ ಕೇಳುವ ಪತ್ರದಲ್ಲಿ ಎಷ್ಟು ‘ಕ್ಷಮೆ’ ಇರಬೇಕು?

ತಿಪಟೂರಿನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿದ್ದಾಳೆ. ಮೂರು ಗೋದಾಮಿನ ಸ್ಟಾಕ್ ಎಣಿಸಿ, 10ನೇ ತಾರೀಕಿಗೆ ಯಜಮಾನರಿಗೆ ಪಟ್ಟಿ ಕೊಡುವುದು ಅವಳ ಕೆಲಸ. ಯಜಮಾನರು ಅದನ್ನು ನೋಡಿ 15ರೊಳಗೆ ಬ್ಯಾಂಕಿಗೆ ಕಳಿಸುತ್ತಾರೆ. ನಮ್ಮ ಸಾಲದ ಖಾತೆಯಿಂದ ಎಷ್ಟು ಹಣ ತೆಗೆಯಬಹುದು ಅನ್ನುವುದು ಆ ಪಟ್ಟಿಯ ಮೇಲೆ ನಿಂತಿದೆ. ಈ ಸಲ ಅವಳಿಗೆ ಮೂರು ದಿನ ಜಾಸ್ತಿ ಬೇಕು. 8ನೇ ತಾರೀಕು ಈ ಪತ್ರ ಬರೆದು ನನಗೆ ತೋರಿಸಿದಳು. ಅವಳನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ.

> ಮಾನ್ಯ ಸರ್, ಮೊದಲಿಗೆ ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ನಂಬಿಕೆ ಇಟ್ಟು ಕೊಟ್ಟ ಕೆಲಸ ಸಮಯಕ್ಕೆ ಮುಗಿಸಲು ಆಗದೇ ಇರುವುದಕ್ಕೆ ತುಂಬಾ ತುಂಬಾ ಕ್ಷಮೆ ಕೇಳುತ್ತೇನೆ. ಇದು ಸಂಪೂರ್ಣವಾಗಿ ನನ್ನದೇ ತಪ್ಪು. ಮೂರನೇ ಗೋದಾಮಿನಲ್ಲಿ ಲೋಡಿಂಗ್ ನಡೆಯುತ್ತಿರುವುದರಿಂದ ಎಣಿಸಲು ಆಗಲಿಲ್ಲ, ಇದನ್ನು ನೆಪ ಅಂದುಕೊಳ್ಳಬೇಡಿ. ದಯವಿಟ್ಟು ಅನ್ಯಥಾ ಭಾವಿಸದೆ ಸ್ವಲ್ಪ ಕಾಲಾವಕಾಶ ಕೊಟ್ಟರೆ ಆದಷ್ಟು ಬೇಗ ಮುಗಿಸುತ್ತೇನೆ. ತಮಗಾದ ತೊಂದರೆಗೆ ಮತ್ತೊಮ್ಮೆ ಕ್ಷಮೆ ಯಾಚಿಸುತ್ತೇನೆ. ಸಾರಿ ಸರ್.

ಕ್ಷಮೆ ಜಾಸ್ತಿ ಆಯಿತು ಅಂತ ನನಗೆ ಗೊತ್ತಾಗುತ್ತದೆ. ಆದರೆ ಎಲ್ಲವನ್ನೂ ತೆಗೆದರೆ ಸೊಕ್ಕಿನ ಮಾತಾಗುತ್ತದೆ ಅನ್ನುವುದು ಅವಳ ಹೆದರಿಕೆ. ಇದರಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು? ‘ಕ್ಷಮೆ ಇರಲಿ’, ‘ಕ್ಷಮೆ ಕೇಳುತ್ತೇನೆ’, ‘ಕ್ಷಮೆ ಯಾಚಿಸುತ್ತೇನೆ’ ಇವುಗಳ ತೂಕ ಬೇರೆ ಬೇರೆಯೇ?

ಕೋಲಾರದಿಂದ, ನಿವೃತ್ತ ಕಚೇರಿ ಅಧೀಕ್ಷಕರು

ಎಲ್ಲವನ್ನೂ ತೆಗೆದುಹಾಕಿ. ಕಚೇರಿ ಪತ್ರದಲ್ಲಿ ಕ್ಷಮೆಗೆ ಜಾಗವಿಲ್ಲ. ನಮ್ಮಲ್ಲಿ ‘ಕಾಲಾವಕಾಶ ನೀಡಬೇಕೆಂದು ಕೋರಲಾಗಿದೆ’ ಅಂತ ಒಂದೇ ಸಾಲು ಬರೆಯುತ್ತಿದ್ದೆವು, ಅಷ್ಟೇ. ಮುಖ್ಯವಾಗಿ ‘ಸಂಪೂರ್ಣವಾಗಿ ನನ್ನದೇ ತಪ್ಪು’ ಅನ್ನುವುದನ್ನು ಇವತ್ತೇ ಹೊಡೆದುಹಾಕಿಸಿ. ಬಾಯಲ್ಲಿ ‘ತಪ್ಪಾಯ್ತು ಸಾರ್’ ಅಂದರೆ ಅದು ಅಲ್ಲಿಗೇ ಮುಗಿಯುತ್ತದೆ. ಕಾಗದದಲ್ಲಿ ಬರೆದದ್ದು ಫೈಲಿನಲ್ಲಿ ಕೂರುತ್ತದೆ. ನಾಳೆ ಬೇರೆ ಯಾವುದಕ್ಕೋ ಕಾರಣ ಕೇಳಿ ನೋಟಿಸು ಬಂದರೆ, ‘ಹಿಂದೆ ನೀನೇ ಒಪ್ಪಿಕೊಂಡಿದ್ದೀಯಲ್ಲ’ ಅಂತ ಇದನ್ನೇ ಎತ್ತಿ ತೋರಿಸುತ್ತಾರೆ. ಲೋಡಿಂಗ್ ಇಟ್ಟುಕೊಂಡವರು ಯಾರು? ಆ ಹುಡುಗಿಯೇ?

ಚಿಂತಾಮಣಿಯಿಂದ

ರಜೆ ಅರ್ಜಿಗೆ ‘ಕ್ಷಮಿಸಿ’ ಬೇಕಿಲ್ಲ ಸಾರ್. ‘ದಿನಾಂಕ ಇಂತಿಂಥ, ಮೂರು ದಿನ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ’ ಅಂತ ಬರೆದರೆ ಸಾಕು.

ತಿಪಟೂರಿನಿಂದ

ಇದು ರಜೆಯ ವಿಚಾರ ಅಲ್ಲ ಸಾರ್. ಅವಳು ಕೆಲಸಕ್ಕೆ ಬರುತ್ತಾಳೆ, ಪಟ್ಟಿ ಕೊಡುವ ತಾರೀಕನ್ನು ಮಾತ್ರ ಮುಂದಕ್ಕೆ ಹಾಕಬೇಕು.

ಮಧುಗಿರಿಯಿಂದ, ವಕೀಲರೊಬ್ಬರ ಗುಮಾಸ್ತರು

ನಾವು ಇದಕ್ಕೆ ‘ವಾಯಿದೆ’ ಅನ್ನುತ್ತೇವೆ. ಕೋರ್ಟಿನಲ್ಲಿ ವಾಯಿದೆ ಕೇಳುವಾಗ ಕ್ಷಮೆ ಕೇಳುವವರನ್ನು ನಾನಂತೂ ನೋಡಿಲ್ಲ. ಕಾರಣ ಹೇಳಬೇಕು, ಮುಂದಿನ ತಾರೀಕು ಕೇಳಬೇಕು. ನಮ್ಮ ಸಾಹೇಬರು ಹೇಳುವುದೂ ಇದನ್ನೇ: ಕಾರಣ ಗಟ್ಟಿ ಇದ್ದರೆ ಕೈ ಮುಗಿಯುವುದು ಬೇಡ, ಇಲ್ಲದಿದ್ದರೆ ಕೈ ಮುಗಿದರೂ ವಾಯಿದೆ ಸಿಗುವುದಿಲ್ಲ. ನೀವು ‘ಕಾಲಾವಕಾಶ’ ತೆಗೆದು ‘ವಾಯಿದೆ’ ಅಂತಲೇ ಹಾಕಿ ನೋಡಿ, ಚಿಕ್ಕದಾಗಿ ಚೆನ್ನಾಗಿರುತ್ತದೆ.

ತುಮಕೂರಿನಿಂದ, ಕರಡು ತಿದ್ದುವ ಕೆಲಸದಲ್ಲಿರುವವರು

ಅಧೀಕ್ಷಕರ ಮಾತಿನಲ್ಲಿ ಅರ್ಧ ನನಗೆ ಪೂರಾ ಒಪ್ಪಿಗೆ. ‘ನನ್ನದೇ ತಪ್ಪು’ ಹೋಗಲೇಬೇಕು. ಅದರ ಮುಂದಿನ ಸಾಲಿನಲ್ಲೇ ಲೋಡಿಂಗ್ ಕಾರಣ ಅಂತಿದೆ. ಓದುವವರು ಎರಡರಲ್ಲಿ ಯಾವುದನ್ನು ನಂಬಬೇಕು? ಆದರೆ ‘ಕೋರಲಾಗಿದೆ’ ನನಗೆ ಒಪ್ಪಿಗೆಯಿಲ್ಲ. ಕೋರಿದವರು ಯಾರು ಅಂತ ಅದರಲ್ಲಿ ಕಾಣುವುದಿಲ್ಲ. ದಿನಾ ಮುಖ ನೋಡುವ ಯಜಮಾನರಿಗೆ ಹಾಗೆ ಬರೆದರೆ ಗೋಡೆಗೆ ಅಂಟಿಸಿದ ನೋಟಿಸಿನ ಹಾಗಿರುತ್ತದೆ. ‘ಕೋರುತ್ತೇನೆ’ ಅಂದರೆ ಸಾಕು. ‘ವಾಯಿದೆ’ ಒಳ್ಳೆಯ ಮಾತೇ, ಆದರೆ ಇದೇ ಪತ್ರದಲ್ಲಿ ಬ್ಯಾಂಕು, ಸಾಲ ಎಲ್ಲ ಬರುವಾಗ ಸಾಲದ ವಾಯಿದೆ ಅಂತ ತಿಳಿದುಕೊಂಡಾರು.

ಈಗ ಕ್ಷಮೆಗೆ ಬರೋಣ. ಈ ಪತ್ರದಲ್ಲಿ ಒಂದೇ ಮಾತು ಮೂರು ಬೇರೆ ಕೆಲಸ ಮಾಡುತ್ತಿದೆ. ಅದನ್ನು ಬಿಡಿಸಿಕೊಂಡರೆ ಯಾವುದನ್ನು ತೆಗೆಯಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಮೊದಲನೆಯದು ‘ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ’. ಬಸ್ಸಿನಲ್ಲಿ ‘ಕ್ಷಮಿಸಿ, ಸ್ವಲ್ಪ ದಾರಿ ಬಿಡಿ’ ಅನ್ನುತ್ತೇವಲ್ಲ, ಆ ಜಾತಿಯದು. ಮಾತು ಶುರು ಮಾಡಲು ಒಂದು ದಾರಿ. ಪತ್ರದಲ್ಲಿ ಆ ಕೆಲಸವನ್ನು ‘ಮಾನ್ಯರೇ’ ಮಾಡುತ್ತದೆ. ತೆಗೆಯಿರಿ.

ಎರಡನೆಯದು ತಪ್ಪಿಗೆ ಕೇಳುವ ಕ್ಷಮೆ: ‘ಮುಗಿಸಲು ಆಗದೇ ಇರುವುದಕ್ಕೆ’. ಪತ್ರದ ತಾರೀಕು ನೋಡಿ. ಬರೆದದ್ದು 8ಕ್ಕೆ, ಪಟ್ಟಿ ಕೊಡಬೇಕಾದದ್ದು 10ಕ್ಕೆ. ಇನ್ನೂ ತಡವೇ ಆಗಿಲ್ಲ! ಮುಂಚೆಯೇ ಹೇಳಿದ್ದು ಅವಳ ಕಡೆಯಿಂದ ಆದ ಒಳ್ಳೆಯ ಕೆಲಸ, ಅದಕ್ಕೇ ಕ್ಷಮೆ ಕೇಳಿದ ಹಾಗಾಗಿದೆ. 11ಕ್ಕೆ ಬರೆದಿದ್ದರೆ ಮಾತು ಬೇರೆ. ಆಗ ‘10ಕ್ಕೆ ಕೊಡಲಿಲ್ಲ, ಮುಂಚೆ ತಿಳಿಸಲೂ ಇಲ್ಲ, ಕ್ಷಮಿಸಿ’ ಅಂತ ಒಂದು ಸಲ, ನೇರವಾಗಿ, ಮೇಲೆಯೇ ಬರಬೇಕಿತ್ತು.

ಮೂರನೆಯದು ತೊಂದರೆಗೆ ಕೇಳುವ ಕ್ಷಮೆ. ಇದೊಂದೇ ನಿಜವಾದದ್ದು. ಆದರೆ ಯಾವ ತೊಂದರೆ ಅಂತ ಅವಳು ಹೇಳಿಲ್ಲ. ಪಟ್ಟಿ 10ಕ್ಕೆ ಬಂದರೆ ಯಜಮಾನರಿಗೆ ನೋಡಲು ಐದು ದಿನ ಸಿಗುತ್ತದೆ, 13ಕ್ಕೆ ಬಂದರೆ ಎರಡೇ. ಆ ಮಾತು ಬರೆದು, ಅದರ ಪಕ್ಕ ಒಂದು ಕ್ಷಮೆ ಇಡಲಿ.

ಕ್ಷಮೆಗಿಂತ ನನ್ನನ್ನು ಕಾಡಿದ್ದು ‘ಸ್ವಲ್ಪ ಕಾಲಾವಕಾಶ’, ‘ಆದಷ್ಟು ಬೇಗ’ ಅನ್ನುವ ಮಾತುಗಳು. ಇಡೀ ಪತ್ರದಲ್ಲಿ 13 ಅನ್ನುವ ತಾರೀಕೇ ಇಲ್ಲ. ಎರಡು ಗೋದಾಮು ಮುಗಿದಿದೆಯೋ ಇಲ್ಲವೋ ಅದೂ ಇಲ್ಲ. ಯಜಮಾನರು ಪೂರ್ತಿ ಓದಿ, ಆಮೇಲೆ ಅವಳನ್ನೇ ಕರೆದು ‘ಯಾವತ್ತು ಕೊಡ್ತೀಯಮ್ಮ?’ ಅಂತ ಕೇಳಬೇಕಾಗುತ್ತದೆ. ತಾರೀಕು ಹೇಳಲು ಹೆದರಿದಾಗಲೇ ಆ ಜಾಗಕ್ಕೆ ಕ್ಷಮೆ ಬಂದು ತುಂಬಿಕೊಳ್ಳುತ್ತದೆ. ನಾನು ತಿದ್ದುವ ಪತ್ರಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ಇನ್ನು ಸೊಕ್ಕಿನ ಹೆದರಿಕೆ. ಕನ್ನಡದಲ್ಲಿ ಮರ್ಯಾದೆ ‘ಕ್ಷಮೆ’ ಅನ್ನುವ ಪದದಲ್ಲಿ ಕೂತಿಲ್ಲ. ‘ತಾವು’, ‘ತಮಗೆ’, ‘ಕೊಡಬೇಕೆಂದು ಕೋರುತ್ತೇನೆ’, ‘ಆಗಬಹುದೇ’ ಇವೆಲ್ಲ ಇದ್ದೇ ಇರುತ್ತವಲ್ಲ. ಕ್ಷಮೆ ತೆಗೆದರೂ ಇವು ಹೋಗುವುದಿಲ್ಲ. ‘13ರವರೆಗೆ ಸಮಯ ಬೇಕು’ ಅಂದರೆ ಒರಟು, ಒಪ್ಪುತ್ತೇನೆ. ‘13ರವರೆಗೆ ಸಮಯ ಕೊಡಬೇಕೆಂದು ಕೋರುತ್ತೇನೆ’ ಅಂದರೆ ಒರಟಲ್ಲ. ಹೀಗೆ ಬರೆಯಬಹುದು:

> ಮಾನ್ಯರೇ, ಸ್ಟಾಕ್ ಪಟ್ಟಿಯನ್ನು 10ಕ್ಕೆ ಕೊಡಬೇಕಿತ್ತು. ಅದಕ್ಕೆ 13ರ ಮಧ್ಯಾಹ್ನದವರೆಗೆ ಕಾಲಾವಕಾಶ ಕೊಡಬೇಕೆಂದು ಕೋರುತ್ತೇನೆ. ಒಂದು ಮತ್ತು ಎರಡನೇ ಗೋದಾಮಿನ ಎಣಿಕೆ ಮುಗಿದಿದೆ, ಆ ಪಟ್ಟಿ ಇದರ ಜೊತೆ ಇದೆ. ಮೂರನೇ ಗೋದಾಮಿನಲ್ಲಿ 11ರ ಸಂಜೆಯವರೆಗೆ ಲಾರಿ ಲೋಡಿಂಗ್ ಇರುವುದರಿಂದ ಅಲ್ಲಿಯವರೆಗೆ ಚೀಲ ಎಣಿಸಲು ಆಗುವುದಿಲ್ಲ. 12ಕ್ಕೆ ಎಣಿಸಿ, ತೂಕದ ಚೀಟಿಗಳ ಜೊತೆ ತಾಳೆ ನೋಡಿ, 13ಕ್ಕೆ ಪೂರ್ತಿ ಪಟ್ಟಿ ಕೊಡುತ್ತೇನೆ. ತಮ್ಮ ಪರಿಶೀಲನೆಗೆ ಎರಡೇ ದಿನ ಉಳಿಯುತ್ತದೆ, ಅದಕ್ಕೆ ಕ್ಷಮೆ ಇರಲಿ.

ಲೋಡಿಂಗ್ ಯಾವತ್ತು ಮುಗಿಯುತ್ತದೆ ಅಂತ ನಾನು ಊಹಿಸಿ ಹಾಕಿದ್ದೇನೆ. ಅವಳನ್ನು ಕೇಳಿ ಸರಿ ಮಾಡಿಕೊಳ್ಳಿ.

ಗೌರಿಬಿದನೂರಿನಿಂದ

ಮೇಡಂ, ಒಂದು ಸಣ್ಣ ತಿದ್ದುಪಡಿ. ‘ಕೊಡಬೇಕಿತ್ತು’ ಅಂದರೆ ಕೊಡಲಿಲ್ಲ ಅಂತಲೇ ಅರ್ಥ ಬರುತ್ತದೆ. ತಡ ಆಗಿಲ್ಲ ಅಂತ ನೀವೇ ಹೇಳಿದಿರಿ. ‘ಕೊಡಬೇಕಿದೆ’ ಅನ್ನಿ. ಕ್ಷಮೆ ತೆಗೆದರೂ ಆ ‘ಇತ್ತು’ ಒಳಗೆ ತಪ್ಪೊಪ್ಪಿಗೆ ಉಳಿದುಕೊಂಡಿದೆ.

ತುಮಕೂರಿನಿಂದ

ಸರಿಯಾಗಿ ಹಿಡಿದಿರಿ. ‘10ಕ್ಕೆ ಕೊಡಬೇಕಿದೆ’ ಅಂತಲೇ ಇರಲಿ.

ಶಿರಾದಿಂದ

ನನ್ನದು ಬೇರೆ ಅಭಿಪ್ರಾಯ. ಮಂಡಿ ಅಂದರೆ ಆಫೀಸಲ್ಲ. ಯಜಮಾನರು ವಯಸ್ಸಿನಲ್ಲಿ ಹಿರಿಯರು. ಅಂಥವರ ಕೈಗೆ ಸುಮ್ನೆ ಕಾಗದ ಕೊಟ್ಟರೆ, ಅದರಲ್ಲಿ ಏನೇ ಬರೆದಿದ್ದರೂ ಬೇಜಾರು ಮಾಡಿಕೊಳ್ಳುತ್ತಾರೆ. ಮೊದಲು ಎದುರಿಗೆ ಹೋಗಿ ‘ಸರ್, ಲೋಡಿಂಗ್ ಇದೆ, ಹದಿಮೂರಕ್ಕೆ ಕೊಡಲಾ?’ ಅಂತ ಕೇಳಲಿ. ಒಪ್ಪಿದ ಮೇಲೆ ಕಾಗದ ಕೊಡಲಿ. ಆಗ ಕಾಗದದಲ್ಲಿ ಒಂದು ಕ್ಷಮೆಯೂ ಬೇಕಾಗುವುದಿಲ್ಲ. ಬೇಕಾದದ್ದೆಲ್ಲ ಬಾಯಲ್ಲೇ ಆಗಿಹೋಗಿರುತ್ತದೆ.

ಮತ್ತೆ ಆ ‘ಕ್ಷಮೆ ಇರಲಿ’ ನನಗೆ ಹಿಡಿಸುವುದಿಲ್ಲ. ಭಾಷಣ ಮಾಡುವವರು ‘ಸಮಯ ಮೀರಿದೆ, ಕ್ಷಮೆ ಇರಲಿ’ ಅನ್ನುತ್ತಾರಲ್ಲ, ಹಾಗೆ ಕೇಳಿಸುತ್ತದೆ. ಚಿಕ್ಕವರು ದೊಡ್ಡವರಿಗೆ ಹೇಳುವಾಗ ‘ಕ್ಷಮಿಸಬೇಕು’ ಅನ್ನುವುದೇ ಚೆಂದ.

ತುಮಕೂರಿನಿಂದ

ಎದುರಿಗೆ ಕೇಳುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ‘ಕ್ಷಮಿಸಬೇಕು’ ಎದುರಿನವರಿಂದ ಒಂದು ಉತ್ತರ ಬೇಡುತ್ತದೆ. ‘ಕ್ಷಮೆ ಇರಲಿ’ ಹೇಳಿ ಮುಂದಕ್ಕೆ ಹೋಗಬಹುದು. ಇಲ್ಲಿ ಯಜಮಾನರು ಉತ್ತರ ಕೊಡಬೇಕಾದದ್ದು ತಾರೀಕಿಗೆ, ಕ್ಷಮೆಗಲ್ಲ. ಅದಕ್ಕೇ ಹಗುರವಾದದ್ದನ್ನು ಹಾಕಿದೆ. ‘ಯಾಚಿಸುತ್ತೇನೆ’ ಮಾತ್ರ ಯಾವ ಕಾರಣಕ್ಕೂ ಬೇಡ. ಸಭೆಯಲ್ಲಿ ಯಾರನ್ನಾದರೂ ಅವಮಾನ ಮಾಡಿದವರಿಗೆ ಆ ಮಾತು ಇರಲಿ.

ಶಿರಾದಿಂದ

‘ಯಾಚಿಸುತ್ತೇನೆ’ ಬೇಡ, ಸರಿ. ಮಿಕ್ಕಿದ್ದಕ್ಕೆ ನನ್ನ ಮಾತು ನನಗೇ ಇರಲಿ.

ತಿಪಟೂರಿನಿಂದ

ಎಲ್ಲರಿಗೂ ವಂದನೆ. ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ಲೋಡಿಂಗ್ 11ಕ್ಕೇ ಮುಗಿಯುತ್ತದೆಯಂತೆ, ಹಾಗಾಗಿ ತಾರೀಕುಗಳನ್ನು ಹಾಗೇ ಉಳಿಸಿಕೊಂಡಿದ್ದಾಳೆ. ‘ಕೊಡಬೇಕಿದೆ’ ಅಂತ ತಿದ್ದಿದ್ದಾಳೆ. ಅವಳೇ ಒಂದು ಸಾಲು ಸೇರಿಸಿದ್ದಾಳೆ: ‘ತಮಗೆ 10ಕ್ಕೇ ಬೇಕಿದ್ದರೆ, ಮೂರನೇ ಗೋದಾಮಿನದು ರಿಜಿಸ್ಟರ್ ಪ್ರಕಾರ ಬರೆದು ಕೊಡುತ್ತೇನೆ, ಎಣಿಕೆ ಆದ ಮೇಲೆ ವ್ಯತ್ಯಾಸ ಇದ್ದರೆ ತಿಳಿಸುತ್ತೇನೆ.’ ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ರಿಜಿಸ್ಟರಿನ ಲೆಕ್ಕವನ್ನೇ ಬ್ಯಾಂಕಿಗೆ ಕಳಿಸಿಬಿಟ್ಟರೆ ಕಷ್ಟ, ಕೊಬ್ಬರಿ ಒಣಗಿ ತೂಕ ಇಳಿದಿರುತ್ತದೆ. ಆದ್ದರಿಂದ ‘ಇದು ತಮ್ಮ ಪರಿಶೀಲನೆಗೆ ಮಾತ್ರ’ ಅಂತ ಸೇರಿಸಲು ಹೇಳಿದ್ದೇನೆ.

ಕೊನೆಯ ಸಾಲಿಗೆ ಅವಳು ‘ಕ್ಷಮಿಸಿ’ ಅಂತ ಹಾಕಿಕೊಂಡಿದ್ದಾಳೆ, ‘ಇರಲಿ’ಯೂ ಇಲ್ಲ, ‘ಕ್ಷಮಿಸಬೇಕು’ ಕೂಡ ಇಲ್ಲ. ಬಾಯಲ್ಲಿ ತಾನು ಹಾಗೇ ಹೇಳುವುದು ಅಂದಳು. ನಾನು ತಿದ್ದಲಿಲ್ಲ. ಯಜಮಾನರು ಊಟ ಮುಗಿಸಿ ಬಂದ ಮೇಲೆ, ಮೊದಲು ಬಾಯಲ್ಲಿ ಹೇಳಿ ಆಮೇಲೆ ಕಾಗದ ಕೊಡುತ್ತಾಳಂತೆ.