ಅಪ್‌ಡೇಟ್: ಡಿಲೀಟ್ ಆದ ಫೋಟೋದ ಪರೀಕ್ಷೆ ಮತ್ತೆ ಮಾಡಲು ಆಯ್ತು

ಫೋಟೋ ಫೈಲ್ ಬದಲಾಗಿದೆಯಾ ಅಂತ ನೋಡೋ ಪರೀಕ್ಷೆ ಬಗ್ಗೆ ನಾನು ಕೇಳಿದ್ದು: "ಹಂಚಿದ ಫೋಟೋ ಡಿಲೀಟ್ ಆದ್ರೆ ಅದೇ ಪರೀಕ್ಷೆ ಮತ್ತೆ ಮಾಡೋದು ಹೇಗೆ?"

ಕಳಿಸೋ ಮೊದಲೇ ಮೂಲ ಫೈಲನ್ನು ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ, ಹ್ಯಾಶ್ ಬರೆದಿಡಿ ಅಂದ ಸಲಹೆಯೇ ಕೆಲಸ ಮಾಡಿತು.

```
sha256sum *.jpg > hash.txt
sha256sum -c hash.txt
```

ಹಂಚಿದ್ದು ಅಳಿಸಿಹೋದ ಮೇಲೆ ಎರಡನೇ ಸಾಲು ಓಡಿಸಿದೆ, ಎಲ್ಲದಕ್ಕೂ `OK` ಬಂತು, ಕ್ಯಾಮೆರಾ ಮಾಡೆಲ್, ತೆಗೆದ ಸಮಯ ಎಲ್ಲವೂ ಹಾಗೇ ಇದ್ದವು.

ಚಾಟ್‌ನಿಂದ ವಾಪಸ್ ಇಳಿಸಿಕೊಳ್ಳೋ ಉಪಾಯ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಸ್ನೇಹಿತನ ಹತ್ತಿರ ಉಳಿದಿದ್ದ ಪ್ರತಿ ನೋಡೋಕೆ ಅದೇ ಫೋಟೋ, ಆದ್ರೆ ಆ್ಯಪ್ ಅದನ್ನು ಕುಗ್ಗಿಸಿ, ಕ್ಯಾಮೆರಾ ಮಾಡೆಲ್, ಸಮಯ ಇರೋ ಎಕ್ಸಿಫ್ ಮಾಹಿತಿ ಕಿತ್ತುಹಾಕಿತ್ತು, ಹ್ಯಾಶ್ ಪೂರ್ತಿ ಬೇರೆ. ಸಿಂಕ್ ಫೋಲ್ಡರೂ ಬೇಡ, ಇಲ್ಲಿ ಅಳಿಸಿದ್ರೆ ಅಲ್ಲೂ ಹೋಗುತ್ತೆ ಅಲ್ವಾ!

ಮೊದಲು ನನಗೆ ಗೊತ್ತಿಲ್ಲದಿದ್ದ ಒಂದು ವಿಷಯ: ಹೆಸರು ಬದಲಿಸಿದ್ರೆ ಹ್ಯಾಶ್ ಬದಲಾಗಲ್ಲ, ಆದ್ರೆ `-c` ಹಳೇ ಹೆಸರನ್ನೇ ಹುಡುಕಿ ಫೈಲ್ ಇಲ್ಲ ಅನ್ನುತ್ತೆ.