ಪದಚರ್ಚೆ: ಬೇಸ್‌ಲೈನ್‌ಗೆ ‘ಆಧಾರರೇಖೆ’ ಬ್ಯಾಡ, ಮತ್ತೇನು?

ನಮಸ್ಕಾರ್ರಿ. ಧಾರವಾಡದಾಗ ಡಿಪ್ಲೊಮಾ ಹುಡುಗರಿಗೆ ಟಚ್ ಸ್ವಿಚ್ ಮ್ಯಾಲೆ ಕನ್ನಡದಾಗ ನೋಟ್ಸ್ ಬರೀಲಿಕ್ಕತ್ತೀನಿ. ತಾಮ್ರದ ಪ್ಯಾಡ್‌ಗೆ 1 ಮೆಗಾಓಮ್ ರೆಸಿಸ್ಟರ್ ಮುಖಾಂತರ ವೋಲ್ಟೇಜ್ ಕೊಟ್ಟು, ಅದು ಅರ್ಧಕ್ಕ ಏರೂತನಕ ಟೈಮರ್ ಎಷ್ಟು ಎಣಿಸ್ತು ಅಂತ ನೋಡೂದು, ಇಷ್ಟ ಕೆಲಸ. ನಮ್ಮ ಪ್ಯಾಡು ಸುಮಾರು 20 ಪಿಕೋಫ್ಯಾರಡ್, 16 ಮೆಗಾಹರ್ಟ್ಸ್‌ನಾಗ ಎಣಿಕೆ 220ರ ಹತ್ರ ಬರ್ತದ, ಬೆರಳಿಟ್ರ ಇನ್ನೊಂದು 5 ಪಿಕೋಫ್ಯಾರಡ್ ಕೂಡಿ 277 ಆಗ್ತದ, 30 ಜಾಸ್ತಿ ಆತಂದ್ರ ದೀಪ ಹತ್ತಬೇಕು.

ಯಾರೂ ಮುಟ್ಟದಿದ್ದಾಗ ಬರೂ ಎಣಿಕೆ, ಅಂದ್ರ ಬೇಸ್‌ಲೈನ್‌ಗೆ, ನಾನು ‘ಆಧಾರರೇಖೆ’ ಅಂತ ಬರದಿದ್ದೆ. ಒಬ್ಬ ಹುಡುಗ ಅದನ್ನ ಓದಿ, ರೇಖೆ ಅಂದ್ರ ಎಳದಿದ್ದು ಎಳದಂಗ ಇರೂದು ಅಂತ ತಿಳ್ಕೊಂಡು, `setup()` ಒಳಗ ಒಮ್ಮೆ ಅಳದು ಬಿಟ್ಟುಬಿಟ್ಟ. ಮಳಿ ಹಿಡೀತು, ಗಾಳ್ಯಾಗ ಪಸೆ ಏರ್ತು, ಯಾರೂ ಮುಟ್ಟದ ಎಣಿಕೆ 255 ಆಗಿ ದೀಪ ತಾನ ಹತ್ತಿ ಕೂತ್ತು. ತಪ್ಪು ಹುಡುಗಂದಲ್ಲ, ನನ್ನ ಪದದ್ದು. ಬ್ಯಾರೆ ಪದ ಹೇಳ್ರಿ, ಹಂಗ ಆ ಎಣಿಕೆ ತಾನ ನಿಧಾನಕ್ಕ ಸರಿಯೂದಕ್ಕ, ಅಂದ್ರ ಡ್ರಿಫ್ಟ್‌ಗೂ.

ಹಾವೇರಿಯಿಂದ ಒಬ್ಬರು:
ಸ್ಪರ್ಶಪರದೆ ಅನ್ನೂದು ಈಗಾಗ್ಲೇ ಬಳಕಿಯೊಳಗ ಐತಲ್ರಿ. ನನ್ನ ಮೊಬೈಲಂತೂ ಒದ್ದಿ ಕೈಲೆ ಮುಟ್ಟಿದ್ರ ತಾನ ಏನೇನೋ ಒತ್ಕೋತದ, ಅದಕ್ಕೊಂದು ಪದ ಬೇಕು ನೋಡ್ರಿ.

ಗದಗದಿಂದ ಒಬ್ಬರು:
ಅವರು ಪರದೆ ಕೇಳಿಲ್ರಿ. ಕಿರಾಣಿ ಅಂಗಡ್ಯಾಗ ಖಾಲಿ ಡಬ್ಬಿ ಇಟ್ಟು ತಕ್ಕಡಿ ಸೊನ್ನೆ ಮಾಡ್ತಾರಲ್ಲ, ಅದ ಇದು. ‘ಖಾಲಿ ಎಣಿಕೆ’ ಅನ್ರಿ. ಪ್ರತಿ ಸಲ ಅಳದಾಗೂ ಸ್ವಲ್ಪ ಸ್ವಲ್ಪ ತಿದ್ದಿಕೋತ ಹೋದ್ರ ಮುಗೀತು.

ಹುಬ್ಬಳ್ಳಿಯಿಂದ ಒಬ್ಬರು:
ಖಾಲಿ ಎಣಿಕೆ ಚೊಲೋ ಅದ, ಆದ್ರ ಪ್ರತಿ ಸಲ ತಿದ್ದಬ್ಯಾಡ್ರಿ. ಸೆಕೆಂಡಿಗೆ 50 ಸಲ ಅಳದು ಅಂತರದ 64ನೇ ಒಂದು ಪಾಲು ತಿದ್ದಿದ್ರ, ಬೆರಳು ಪ್ಯಾಡಿನ ಮ್ಯಾಲೇ ಇದ್ರೂ ಒಂದು ಸೆಕೆಂಡಿನೊಳಗ ದೀಪ ಆರ್ತದ, ಯಾಕಂದ್ರ ಬೆರಳನ್ನೂ ಖಾಲಿ ಅಂತ ಲೆಕ್ಕಕ್ಕ ತೊಗೋತದ. ಮುಟ್ಟಿದಾಗ ತಿದ್ದೂದು ನಿಲ್ಲಬೇಕು. ಇನ್ನೊಂದು, ಬೆರಳಿಟ್ಟಾಗನ ಕರೆಂಟ್ ಬಂತಂದ್ರ ಖಾಲಿ ಎಣಿಕೇನ 277 ಆಗಿ ಕೂಡ್ತದ, ಆಮ್ಯಾಲೆ ಕೈ ತಗದು ಮತ್ತ ಮುಟ್ಟಿದ್ರೂ ಗೊತ್ತಾಗೂದಿಲ್ಲ. ಅದಕ್ಕ ಎಣಿಕೆ ಕೆಳಗ ಬಿದ್ರ ಮಾತ್ರ ಲಗೂನ ಹಿಂದ ಹೋಗಬೇಕು.

ಮತ್ತ ನಾನು:
ನೀವಂದಂಗ ಮಾಡಿದ್ವಿ, ಆದ್ರೂ ಮಳ್ಯಾಗ ದೀಪ ಹತ್ತೂದು ಬಿಡಲಿಲ್ಲ. ನೋಡಿದ್ರ `base += (raw - base) / 64;` ಅಂತಿತ್ತು, ಪೂರ್ಣಾಂಕದ ಲೆಕ್ಕದಾಗ ಅಂತರ 64ಕ್ಕಿಂತ ಕಡಿಮಿ ಇದ್ರ ಉತ್ತರ ಸೊನ್ನೆ, ಪಸೆ ಬರೂದು ಒಂದೊಂದ ಎಣಿಕೆ, ಹಿಂಗಾಗಿ `base` ಅಳ್ಳಾಡೇ ಇಲ್ಲ. 64 ಪಟ್ಟು ದೊಡ್ಡದಾಗಿ ಇಟ್ಕೊಂಡ್ವಿ, ಶುರುವಿಗೆ `acc = raw * 64` ಕೊಟ್ಟು:

```
if (!touched) acc += raw - (acc >> 6);
base = acc >> 6;
```

ಈಗ ಮಳಿ ಬಂದ್ರೂ ಸುಮ್ಮನ ಕೂಡ್ತದ. ಕೆಳಗ ಬಿದ್ದಾಗ ಲಗೂ ಹೋಗೂ ಸಾಲು ಇನ್ನೂ ಹಾಕೋದದ. ನೋಟ್ಸ್‌ನಾಗ ‘ಖಾಲಿ ಎಣಿಕೆ’ ಬರದೆ. ಡ್ರಿಫ್ಟ್‌ಗೆ ‘ಸರಿತ’ ಅಂತ ಹಾಕೀನಿ, ಆದ್ರ ಓದಿದವರು ಅದನ್ನ ‘ಸರಿ’ ಅಂತ ತಿಳ್ಕೋತಾರೇನೋ ಅನಸ್ತದ, ಬ್ಯಾರೆ ಇದ್ರ ಹೇಳ್ರಿ.